ಓಪನ್ ಸೋರ್ಸ್ ಶುರು ಮಾಡಬೇಕಾ? ಅಕ್ಷರ ಎಣಿಸೋದರಿಂದ ಹೊರಡಿ

ಕೆಲಸದ ಜೊತೆಗೆ ಓಪನ್ ಸೋರ್ಸ್‌ನಲ್ಲಿ ಏನು ಮಾಡಲಿ ಅಂತ ಕೇಳೋರಿಗೆ ನನ್ನದೊಂದು ಐಡಿಯಾ. ಇನ್ನೊಂದು ಟು-ಡು ಆ್ಯಪ್ ಮಾತ್ರ ಬೇಡ ಮಾರಾಯ್ರೆ.

ದಾವಣಗೆರೆಯ ಒಂದು ಹೋಟೆಲಿಗೆ ಮೆನು ಆ್ಯಪ್ ಮಾಡಿದ್ದೆ. ಚಿಕ್ಕ ಪರದೆಯಲ್ಲಿ ‘ಬೆಣ್ಣೆ ದೋಸೆ’ ಹೋಗಿ ‘ಬೆಣ್…’ ಆಗಿತ್ತು! ತಪ್ಪು ನನ್ನದೇ, ಹೆಸರನ್ನು ನಾಲ್ಕು ಅಕ್ಷರಕ್ಕೆ ಅಂತ ಕತ್ತರಿಸಿದ್ದೆ. ಕಂಪ್ಯೂಟರ್ ಕೊಂಬು, ಒತ್ತು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ.

```js
"ಚಿತ್ರದುರ್ಗ".length // 10
```

ನಾವು ಓದೋದು ಚಿ-ತ್ರ-ದು-ರ್ಗ, ನಾಲ್ಕೇ. ಪಠ್ಯವನ್ನು ಅಕ್ಷರಗಳಾಗಿ ಬಿಡಿಸಲು ಜಾವಾಸ್ಕ್ರಿಪ್ಟ್‌ನಲ್ಲೇ ಇರುವ `Intl.Segmenter` ಬಳಸಿದರೂ ಕನ್ನಡದ ಒತ್ತಕ್ಷರ ಒಡೆದು ಆರು ಬರುತ್ತದೆ. ಹಾಗಾಗಿ ಪದವನ್ನು ಅಕ್ಷರಗಳಾಗಿ ಬಿಡಿಸುವ ಪುಟ್ಟ ಲೈಬ್ರರಿ ಮಾಡಿ. ಪದಬಂಧ, ಪ್ರಾಸ ಹುಡುಕುವ ಆಟ, ಮೆನು ಎಲ್ಲಕ್ಕೂ ಬೇಕಾಗುತ್ತದೆ.

ನಿಯಮ ಸುಲಭ: ವಿರಾಮ, ಅಂದರೆ ವ್ಯಂಜನದ ಸ್ವರ ತೆಗೆಯುವ ‘್’ ಗುರುತಿನ ನಂತರ ವ್ಯಂಜನ ಬಂದರೆ ಸೇರಿಸಿಕೊಳ್ಳಿ, ‘ಬಸ್’ ಥರ ಕೊನೆಯಲ್ಲೇ ಬಂದರೆ ಅಲ್ಲಿಗೇ ನಿಲ್ಲಿಸಿ. ಕಾಡೋದು ‘ರ‍್ಯಾಲಿ’ಯಂಥ ಪದ, ಒಳಗೆ ಕಣ್ಣಿಗೆ ಕಾಣದ U+200D ಕೂತಿರುತ್ತದೆ.

ಜನ ಸೇರೋದು ಕೋಡ್‌ಗಿಂತ ಟೆಸ್ಟ್ ಫೈಲ್‌ನಿಂದ. ಒಂದು ಸಾಲಿಗೆ ಒಂದು ಪದ, ಪಕ್ಕದಲ್ಲಿ ಬಿಡಿಸಿದ ರೂಪ ಇಡಿ. ಕೋಡ್ ಬಾರದ ಕನ್ನಡ ಮೇಷ್ಟ್ರೂ ಒಂದು ಸಾಲು ಸೇರಿಸಬಹುದು, ಅಲ್ವಾ? ಗೊತ್ತಿರೋ ಎರಡು ಮೂರು ಸಣ್ಣ ತಪ್ಪುಗಳನ್ನು ನೀವೇ ಸರಿ ಮಾಡಬೇಡಿ, ಹೊಸಬರಿಗೆ ಅಂತ `good first issue` ಗುರುತು ಹಾಕಿ ಬಿಡಿ. MIT ಲೈಸೆನ್ಸ್ ಫೈಲ್ ಮೊದಲ ದಿನವೇ ಹಾಕಿ. ಯಾರಾದರೂ ಬದಲಾವಣೆ ಕಳಿಸಿದರೆ ಒಂದೆರಡು ದಿನದಲ್ಲಿ ಉತ್ತರ ಕೊಡಿ, ತಿಂಗಳು ಬಿಟ್ಟರೆ ಅವರು ತಿರುಗಿ ಬರೋದಿಲ್ಲ.