ಕುಡಿದ ಗೆಳೆಯ ಏಳದಿದ್ದರೆ ಉಸಿರು ಎಣಿಸಿ
ಜಾಸ್ತಿ ಕುಡಿದು ಮಲಗಿದ ಗೆಳೆಯ ಕೂಗಿದರೂ, ಭುಜ ಹಿಸುಕಿದರೂ ಏಳದಿದ್ದರೆ ಅದನ್ನು ನಿದ್ದೆ ಅಂದುಕೊಳ್ಳಬೇಡಿ, ತಕ್ಷಣ ಆಂಬ್ಯುಲೆನ್ಸ್ ಕರೆಯಿರಿ. ಆಮೇಲೆ ಒಂದು ಮಗ್ಗುಲಿಗೆ ಹೊರಳಿಸಿ, ಮೇಲಿನ ಮಂಡಿ ಮಡಚಿ, ಗದ್ದ ಸ್ವಲ್ಪ ಮೇಲೆತ್ತಿ ಬಾಯಿ ಕೆಳಮುಖವಾಗಿರುವಂತೆ ಮಲಗಿಸಿ. ಮದ್ಯ ಮೆದುಳನ್ನು ಮಂಕು ಮಾಡಿದಾಗ ಕೆಮ್ಮಿ ಗಂಟಲು ತೆರವು ಮಾಡುವ ಶಕ್ತಿಯೇ ಹೋಗಿರುತ್ತದೆ; ಅಂಗಾತ ಮಲಗಿದ್ದರೆ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಪಕ್ಕದಲ್ಲೇ ಕೂತು ಉಸಿರು ಎಣಿಸಿ. ನಿಮಿಷಕ್ಕೆ 8ಕ್ಕಿಂತ ಕಡಿಮೆ ಇದ್ದರೆ, ಎರಡು ಉಸಿರಿನ ನಡುವೆ 10 ಸೆಕೆಂಡಿಗಿಂತ ಜಾಸ್ತಿ ಅಂತರ ಬಂದರೆ, ತುಟಿ ನೀಲಿಯಾದರೆ ಮತ್ತೆ ಫೋನ್ ಮಾಡಿ ತಿಳಿಸಿ. ಕಾಫಿ, ತಣ್ಣೀರಿನ ಸ್ನಾನ, ಬೆರಳು ಹಾಕಿ ವಾಂತಿ ಮಾಡಿಸುವುದು ಯಾವುದೂ ಬೇಡ. ಹೊದಿಕೆ ಹೊದಿಸಿ ಸಾಕು. ಹೊಟ್ಟೆಯಲ್ಲಿರುವ ಮದ್ಯ ಇನ್ನೂ ರಕ್ತಕ್ಕೆ ಸೇರುತ್ತಿರುತ್ತದೆ, ಹಾಗಾಗಿ ಸ್ಥಿತಿ ಕೆಡಬಹುದು. ಉಸಿರೇ ನಿಂತರೆ ಮಗ್ಗುಲಲ್ಲಿ ಮಲಗಿಸಿ ಪ್ರಯೋಜನವಿಲ್ಲ: ಅಂಗಾತ ತಿರುಗಿಸಿ, ಫೋನಿನಲ್ಲಿರುವವರು ಹೇಳಿದಂತೆ ಎದೆ ಒತ್ತುವ ಸಿಪಿಆರ್ ಶುರು ಮಾಡಿ.