ಫೈನಲ್‌ಗೆ 50 ಅಲ್ಲ, 80: ಪ್ಲಸೇಜ್ ಇದ್ದ ಕೋರ್ಸಿಗೆ ನಾನು ಹಾಕಿಕೊಂಡ ಲೆಕ್ಕ

ಆಕ್ಲೆಂಡಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದುವಾಗ ನನಗೆ ಹೊಸದೆನಿಸಿದ್ದು ಪ್ಲಸೇಜ್ ಎಂಬ ನಿಯಮ. ಊರಲ್ಲಿ ಎಂಜಿನಿಯರಿಂಗ್ ಓದುವಾಗ ಇಂಟರ್ನಲ್ಸ್‌ನಲ್ಲಿ ಹೋದ ಅಂಕ ಹೋದ ಹಾಗೆಯೇ. ಇಲ್ಲಿ ನನ್ನ ಕೋರ್ಸಿನಲ್ಲಿ ಇಂಟರ್ನಲ್ಸ್‌ಗೆ 50, ಫೈನಲ್‌ಗೆ 50 ಇತ್ತು. ಆದರೆ ಫೈನಲ್‌ನ ಶೇಕಡಾ ಅಂಕ ಇಂಟರ್ನಲ್ಸ್‌ಗಿಂತ ಜಾಸ್ತಿ ಬಂದರೆ ಲೆಕ್ಕ ತಾನಾಗಿಯೇ 20 ಮತ್ತು 80 ಆಗುತ್ತದೆ. ಅರ್ಜಿ ಕೊಡಬೇಕಿಲ್ಲ, ಕೇಳಬೇಕಿಲ್ಲ.

ನನ್ನ ಇಂಟರ್ನಲ್ಸ್ ಶೇಕಡಾ 62 ಇತ್ತು. ಬಿ ಪ್ಲಸ್ ಬೇಕೆಂದರೆ ಒಟ್ಟು 75 ಆಗಬೇಕು. 50-50 ಹಿಡಿದು ನೋಡಿದರೆ ಇಂಟರ್ನಲ್ಸ್‌ನಿಂದ 31 ಬರುತ್ತದೆ, ಉಳಿದ 44ಕ್ಕೆ ಫೈನಲ್‌ನಲ್ಲಿ 88 ತೆಗೆಯಬೇಕು. ಆದರೆ 75 ಅನ್ನುವುದೇ 62ಕ್ಕಿಂತ ಮೇಲಿದೆ, ಅಲ್ವಾ? ಅಲ್ಲಿಗೆ ತಲುಪಬೇಕಾದರೆ ಫೈನಲ್ 62 ದಾಟಲೇಬೇಕು, ದಾಟಿದರೆ ಎರಡನೇ ಲೆಕ್ಕವೇ ನಡೆಯುತ್ತದೆ. ಆಗ ಇಂಟರ್ನಲ್ಸ್‌ನಿಂದ 12.4. ಉಳಿದ 62.6ನ್ನು 0.8ರಿಂದ ಭಾಗಿಸಿದರೆ 78.25. ಅಂದರೆ 79 ಸಾಕು. 88 ನನ್ನ ಕೈಗೆ ಎಟುಕುವ ಮಾತಾಗಿರಲಿಲ್ಲ, 79 ಎಟುಕುತ್ತಿತ್ತು. ನಿಮ್ಮ ಗುರಿ ಇಂಟರ್ನಲ್ಸ್‌ಗಿಂತ ಕೆಳಗಿದ್ದರೆ ಮಾತ್ರ 50-50ರಲ್ಲಿ ಲೆಕ್ಕ ಹಾಕಿ.

ಪೇಪರ್ ಕೈಕೊಟ್ಟರೂ ಈ ನಿಯಮದಿಂದ ನಷ್ಟವಿಲ್ಲ. ಫೈನಲ್‌ನಲ್ಲಿ 55 ಬಂದರೆ 80ರ ಲೆಕ್ಕದಲ್ಲಿ 56.4, ಮಾಮೂಲಿ ಲೆಕ್ಕದಲ್ಲಿ 58.5. ಎರಡರಲ್ಲಿ ದೊಡ್ಡದೇ ಸಿಗುತ್ತದೆ.

ಓದುವ ಸಮಯ ಹಂಚಿದ್ದೂ ಇದೇ ಲೆಕ್ಕದಿಂದ. ಅದೇ ಸೆಮಿಸ್ಟರಿನ ಇನ್ನೊಂದು ಕೋರ್ಸಿನಲ್ಲಿ ಇಂಟರ್ನಲ್ಸ್ 84 ಇತ್ತು, ಫೈನಲ್‌ಗೆ 40 ಅಂತ ಖಾಯಂ. ಅಲ್ಲಿ ಫೈನಲ್‌ನಲ್ಲಿ ಶೇಕಡಾ ಒಂದು ಏರಿದರೆ ಒಟ್ಟಿಗೆ 0.4 ಸೇರುತ್ತದೆ. ಇಲ್ಲಿ 62 ದಾಟಿದ ಮೇಲೆ ಪ್ರತಿಯೊಂದಕ್ಕೂ 0.8. ಹಾಗಾಗಿ ಹೆಚ್ಚು ಹೊತ್ತು ಇದಕ್ಕೇ ಕೊಟ್ಟೆ. ಅದಕ್ಕೂ ಮೊದಲು ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ, ನಾನು 62 ದಾಟುತ್ತೇನೆಯೇ ಎಂದು ನೋಡಿಕೊಂಡೆ. ದಾಟದಿದ್ದರೆ ಆ 0.8 ಬರೀ ಕಾಗದದ ಮೇಲಿನ ಸಂಖ್ಯೆ.

ಏನು ಓದಬೇಕೆಂಬುದಕ್ಕೆ ಟೆಸ್ಟ್ ಪೇಪರುಗಳನ್ನೇ ತೆಗೆದು ಕೂತೆ. ಅಂಕ ಹೋಗಿದ್ದು ಬಹುಪಾಲು ಕಂಡೀಷನಲ್ ಪ್ರಾಬಬಿಲಿಟಿಯಲ್ಲಿ. ಫೈನಲ್ ಪೂರ್ತಿ ಸಿಲಬಸ್ ಮೇಲೆ ಇರುವುದರಿಂದ ಅದು ಮತ್ತೆ ಬರುತ್ತದೆ, ಈ ಸಲ ಇನ್ನೂ ಜಾಸ್ತಿ ತೂಕದಲ್ಲಿ. ಕೊನೆಯ ಅಧ್ಯಾಯಗಳಿಗಿಂತ ಮೊದಲು ಅದನ್ನೇ ಹಿಡಿದೆ.

ಇದೆಲ್ಲದಕ್ಕೂ ಮುಂಚೆ ಕೋರ್ಸ್ ಔಟ್‌ಲೈನ್ ಓದಿ. ಕೆಲವು ಕೋರ್ಸುಗಳಲ್ಲಿ ಟೆಸ್ಟಿನ ತೂಕ ಮಾತ್ರ ಫೈನಲ್‌ಗೆ ಹೋಗುತ್ತದೆ, ಅಸೈನ್‌ಮೆಂಟಿನದು ಹೋಗುವುದಿಲ್ಲ. ಆಗ ಹೋಲಿಸಬೇಕಾದದ್ದು ಟೆಸ್ಟಿನ ಅಂಕವನ್ನು. ಫೈನಲ್‌ನಲ್ಲಿ ಇಷ್ಟು ಬರದಿದ್ದರೆ ಕೋರ್ಸೇ ಫೇಲ್ ಎಂಬ ಷರತ್ತೂ ಇರಬಹುದು. ಅದಿದ್ದರೆ ಇಂಟರ್ನಲ್ಸ್ ಎಷ್ಟೇ ಇದ್ದರೂ ಕಾಪಾಡುವುದಿಲ್ಲ.