ಹೊಸ ಟೀಮಿಗೆ ನಾನು ಹಾಕಿದ ಪರಿಚಯದ ಮೇಲ್

ತುಮಕೂರು ಹತ್ತಿರದ ವಸಂತನರಸಾಪುರದಲ್ಲಿ ಬಿಡಿಭಾಗ ಮಾಡುವ ಕಂಪನಿಯೊಂದಕ್ಕೆ ಸೇರಿದೆ. ಹೊರಗಿಂದ ಬಂದ ಮಾಲನ್ನು ಪರೀಕ್ಷಿಸಿ ಪಾಸ್ ಮಾಡುವುದು ನನ್ನ ಕೆಲಸ. ಎಲ್ಲರಿಗೂ ಒಂದು ಪರಿಚಯದ ಮೇಲ್ ಹಾಕಿಬಿಡಿ ಅಂದರು ಮ್ಯಾನೇಜರ್.

ಬರೆಯುವ ಮೊದಲು ಸ್ಟೋರ್ಸ್‌ಗೆ ಹೋಗಿ, ಅಲ್ಲಿನ ಹಿರಿಯರೊಬ್ಬರನ್ನು ಕೇಳಿದೆ: "ಸರ್, ಈ ಸೀಟಿನವರನ್ನ ಜನ ಜಾಸ್ತಿ ಯಾಕೆ ಹುಡುಕ್ತಾರೆ?"

"ಗಾಡಿ ಬಂದಿರುತ್ತೆ, ಮಾಲು ಪಾಸ್ ಆಗಿರಲ್ಲ. ಲೈನ್‌ನವರು ನಮ್ಮ ಮೇಲೆ ಬೀಳ್ತಾರೆ. ಯಾರನ್ನ ಹಿಡೀಬೇಕು, ಎಲ್ಲಿ ಸಿಗ್ತಾರೆ ಅಂತ ಗೊತ್ತಾದ್ರೆ ಸಾಕಪ್ಪ."

ಏನು ಬರೆಯಬೇಕು ಅನ್ನೋದು ಅಲ್ಲೇ ಸಿಕ್ಕಿತು. ಕಳಿಸಿದ್ದು ಇದು:

"ಸ್ಟೋರ್ಸ್, ಪರ್ಚೇಸ್, ಪ್ರೊಡಕ್ಷನ್, ಕ್ವಾಲಿಟಿಯ ಎಲ್ಲರಿಗೂ ನಮಸ್ಕಾರ.

ಸೋಮವಾರದಿಂದ ಇನ್‌ಕಮಿಂಗ್ ಇನ್ಸ್‌ಪೆಕ್ಷನ್ ನಾನು ನೋಡಿಕೊಳ್ಳುತ್ತಿದ್ದೇನೆ. ಮೊದಲು ಪೀಣ್ಯದಲ್ಲಿ ಶೀಟ್ ಮೆಟಲ್ ಪಾರ್ಟ್‌ಗಳ ತಪಾಸಣೆ ಮಾಡುತ್ತಿದ್ದೆ.

ಮಾಲು ಹೋಲ್ಡ್‌ನಲ್ಲಿದ್ದರೆ, ಲೈನಿಗೆ ಅರ್ಜೆಂಟ್ ಬೇಕಿದ್ದರೆ ನನಗೆ ಹೇಳಿ. ಪಾರ್ಟ್ ನಂಬರ್, ಇನ್‌ವಾಯ್ಸ್ ನಂಬರ್ ಜೊತೆಗಿದ್ದರೆ ಬೇಗ ನೋಡಬಹುದು. ರೇಟ್, ಡೆಲಿವರಿ ವಿಷಯಕ್ಕೆ ಪರ್ಚೇಸ್‌ನವರನ್ನೇ ಕೇಳಿ.

ಬೆಳಗ್ಗೆ 11ರವರೆಗೆ ಸ್ಟೋರ್ಸ್ ಪಕ್ಕದ ಟೇಬಲ್ ಹತ್ತಿರ ಇರುತ್ತೇನೆ. ಆಮೇಲೆ ಫೋನ್ ಮಾಡಿ, ನಂಬರ್ ಕೆಳಗಿದೆ.

ಮನೆ ಕ್ಯಾತ್ಸಂದ್ರದಲ್ಲಿ. ಕಂಪನಿ ಬಸ್ಸಿನಲ್ಲೇ ಬರುತ್ತೇನೆ, ಕಂಡಾಗ ಮಾತಾಡಿಸಿ.

ಪದೇ ಪದೇ ತೊಂದರೆ ಕೊಡುವ ಪಾರ್ಟ್ ಯಾವುದಾದರೂ ಇದ್ದರೆ ಒಂದು ಸಾಲು ಬರೆದು ತಿಳಿಸಿ."

ಹಳೆ ಕೆಲಸದ ಬಗ್ಗೆ ಒಂದೇ ಸಾಲು ಸಾಕು. ಯಾವ ಮಾಲಿನ ಬಗ್ಗೆ ನನ್ನನ್ನು ಕೇಳಬಹುದು ಅಂತ ಅದರಿಂದ ಗೊತ್ತಾಗುತ್ತದೆ. ಉಳಿದದ್ದು ರೆಸ್ಯೂಮೆಗೆ ಸೇರಿದ್ದು. ಪರ್ಚೇಸ್ ಬಗ್ಗೆ ಬರೆದ ಸಾಲನ್ನು ಮಾತ್ರ ಕಳಿಸುವ ಮುಂಚೆ ಮ್ಯಾನೇಜರ್‌ಗೆ ತೋರಿಸಿದೆ. ಯಾರ ಕೆಲಸ ಎಲ್ಲಿಗೆ ಮುಗಿಯುತ್ತದೆ ಅಂತ ಹೊಸಬರು ತಾವಾಗಿಯೇ ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ, ಅಲ್ವಾ?

ಸಬ್ಜೆಕ್ಟ್‌ನಲ್ಲಿ ಸುಮ್ನೆ "ನಮಸ್ಕಾರ" ಅಂತ ಹಾಕಲಿಲ್ಲ. ನನ್ನ ಹೆಸರು, "ಇನ್‌ಕಮಿಂಗ್ ಇನ್ಸ್‌ಪೆಕ್ಷನ್" ಎರಡನ್ನೂ ಬರೆದೆ. ಆರು ತಿಂಗಳಾದ ಮೇಲೆ ಯಾರಾದರೂ ನಂಬರ್ ಹುಡುಕಿದರೂ ಮೇಲ್ ಸಿಗಬೇಕು. ಟೀಮಿನ ಗ್ರೂಪ್ ವಿಳಾಸವನ್ನು ಬಿಸಿಸಿಯಲ್ಲಿ ಇಟ್ಟೆ. ಆಗ ಯಾರಾದರೂ ರಿಪ್ಲೈ ಆಲ್ ಒತ್ತಿದರೂ "ವೆಲ್‌ಕಮ್" ಎಲ್ಲರ ಇನ್‌ಬಾಕ್ಸ್ ತುಂಬುವುದಿಲ್ಲ. ಆದರೆ ಬಿಸಿಸಿಯಲ್ಲಿ ಬಂದ ಮೇಲ್ ಯಾರ್ಯಾರಿಗೆ ಹೋಗಿದೆ ಅಂತ ಓದುವವರಿಗೆ ಕಾಣದು. ಅದಕ್ಕೇ ಮೊದಲ ಸಾಲಿನಲ್ಲಿ ವಿಭಾಗಗಳ ಹೆಸರು ಹಾಕಿದ್ದು.

ಕೊನೆಯ ಸಾಲಿಗೆ ಒಳ್ಳೆಯ ಉತ್ತರ ಬಂತು. ಒಂದು ಬ್ರಾಕೆಟ್‌ನ ತೂತಿನ ಅಂಚಿನಲ್ಲಿ ಬರ್, ಅಂದರೆ ಎದ್ದು ನಿಂತ ಲೋಹದ ಚೂಪು ಅಂಚು ಉಳಿದು, ಬೋಲ್ಟ್ ಸರಿಯಾಗಿ ಕೂರುತ್ತಿಲ್ಲ ಅಂತ ಅಸೆಂಬ್ಲಿ ಸೂಪರ್‌ವೈಸರ್ ಬರೆದರು. ಮುಂದಿನ ಲೋಡ್ ಬಂದಾಗ ಮೊದಲು ಅದನ್ನೇ ನೋಡಿದೆ. ಲೈನ್‌ನಲ್ಲಿ ಕೆಲಸ ಮಾಡುವ ತುಂಬಾ ಜನಕ್ಕೆ ಕಂಪನಿ ಮೇಲ್ ಐಡಿಯೇ ಇಲ್ಲ. ಅವರಿಗಾಗಿ ಎಲ್ಲಿ ಸಿಗುತ್ತೇನೆ, ಏನು ತರಬೇಕು ಅನ್ನುವ ಭಾಗವನ್ನಷ್ಟೇ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು, ಸ್ಟೋರ್ಸ್ ಬೋರ್ಡಿಗೆ ಅಂಟಿಸಿದೆ.